ಪಾದ್ರಿ ಇಲ್ಲದ ಸಭೆಗೆ ಹೊಸ ಸದಸ್ಯರು ಬಂದಾಗ

ನಮ್ಮ ಊರುಗಳಲ್ಲಿ ಭಜನಾ ಮಂಡಳಿಗೋ ಸಮಾಜದ ಸಂಘಕ್ಕೋ ಹೊಸದಾಗಿ ಸೇರಿದವರಿಗೆ ಮೊದಲು ಸಿಗುವುದು ಒಂದು ರಸೀದಿ. ಸಂಘ ದೊಡ್ಡದಿದ್ದರೆ ಅದರ ಜೊತೆಗೊಂದು ಕರಪತ್ರವೂ ಬರುತ್ತದೆ. ವರ್ಷದ ಉತ್ಸವಗಳ ಪಟ್ಟಿ, ಸೇವಾ ದರ, ಅಧ್ಯಕ್ಷರ ಫೋಟೊ, ಕಾರ್ಯದರ್ಶಿಗಳ ಫೋನ್ ನಂಬರು, ಇಷ್ಟು ಅದರಲ್ಲಿರುತ್ತವೆ. ಪೂಜೆ ಮಾಡಲು ಅರ್ಚಕರಿದ್ದಾರೆ, ಪ್ರವಚನಕ್ಕೆ ಸ್ವಾಮಿಗಳು ಬರುತ್ತಾರೆ. ಸದಸ್ಯರು ಹೊತ್ತಿಗೆ ಸರಿಯಾಗಿ ಬಂದು ಕೂತರೆ ಆಯಿತು.

ಪೂಜೆ ಮಾಡುವವರೂ ಪ್ರವಚನ ಹೇಳುವವರೂ ಇಲ್ಲದ ಧಾರ್ಮಿಕ ಸಂಘವೊಂದು ಹೊಸಬರಿಗೆ ಸ್ವಾಗತ ಪತ್ರ ಬರೆದರೆ ಅದರಲ್ಲಿ ಏನಿರಬೇಕು? ಬ್ರಿಟನ್ನಿನ ಕ್ವೇಕರರು ಬಹಳ ಕಾಲದಿಂದ ಇಂಥ ಪತ್ರ ಬರೆಯುತ್ತಿದ್ದಾರೆ. ಅವರ ಅಧಿಕೃತ ಹೆಸರು ರಿಲಿಜಿಯಸ್ ಸೊಸೈಟಿ ಆಫ್ ಫ್ರೆಂಡ್ಸ್, ಅಂದರೆ ಸ್ನೇಹಿತರ ಧಾರ್ಮಿಕ ಸಂಘ. 17ನೇ ಶತಮಾನದ ನಡುಭಾಗದಲ್ಲಿ, ಇಂಗ್ಲೆಂಡಿನ ಅಂತರ್ಯುದ್ಧದ ಗದ್ದಲದ ನಡುವೆ ಜಾರ್ಜ್ ಫಾಕ್ಸ್ ಎಂಬಾತನ ಸುತ್ತ ಇದು ಬೆಳೆಯಿತು. ದೇವರಿಗೂ ಮನುಷ್ಯನಿಗೂ ನಡುವೆ ಮಧ್ಯವರ್ತಿ ಬೇಕಿಲ್ಲ, ಪ್ರತಿಯೊಬ್ಬರ ಒಳಗೂ ದೇವರ ಬೆಳಕು ಇದೆ ಎಂದು ಆತ ಸಾರಿದ. ಚರ್ಚಿಗೆ ಕಡ್ಡಾಯ ಕಂದಾಯ ಕೊಡಲು ಒಪ್ಪದೆ, ನ್ಯಾಯಾಲಯದಲ್ಲಿ ಪ್ರಮಾಣ ಮಾಡಲು ಒಪ್ಪದೆ ಅವನ ಅನುಯಾಯಿಗಳು ಸಾವಿರಗಟ್ಟಲೆ ಮಂದಿ ಜೈಲು ಸೇರಿದರು. ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿದ್ದರಿಂದ ವ್ಯಾಪಾರಕ್ಕೆ ಇಳಿದವರು ಅವರಲ್ಲಿ ಬಹಳ. ಮಕ್ಕಳು ಕೇಳಿ ತಿನ್ನುವ ಕ್ಯಾಡ್ಬರಿ ಚಾಕೊಲೇಟಿನ ಮೂಲಪುರುಷ ಜಾನ್ ಕ್ಯಾಡ್ಬರಿ 1824ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಗಡಿ ತೆರೆದ ಕ್ವೇಕರ್.

ಕೀನ್ಯಾದಲ್ಲೂ ಅಮೆರಿಕದ ಹಲವು ಕಡೆಯೂ ಕ್ವೇಕರರಲ್ಲಿ ಪಾಸ್ಟರುಗಳಿದ್ದಾರೆ, ಹಾಡು ಪ್ರವಚನ ಎಲ್ಲ ಇದೆ. ಬ್ರಿಟನ್ನಿನ ಸಂಪ್ರದಾಯದಲ್ಲಿ ಮಾತ್ರ ಸಂಬಳದ ಪಾದ್ರಿ ಇವತ್ತಿಗೂ ಇಲ್ಲ. ಹಾಗಾಗಿ ಅಲ್ಲಿನ ಸ್ವಾಗತ ಪತ್ರ ಅರ್ಧ ಸ್ವಾಗತ, ಅರ್ಧ ಕೆಲಸದ ಹಂಚಿಕೆ. ಪಾದ್ರಿ ಮಾಡಬೇಕಾದ ಕೆಲಸಗಳಲ್ಲಿ ನಿಮ್ಮ ಪಾಲು ಯಾವುದು ಎಂದು ಅದು ಹೇಳುತ್ತದೆ.

ಪತ್ರ ಕೈಗೆ ಬರುವ ಮುಂಚೆ ನಡೆಯುವುದನ್ನು ಮೊದಲು ನೋಡೋಣ. ಭಾನುವಾರದ ಸಭೆಗೆ ಯಾರು ಬೇಕಾದರೂ ಬರಬಹುದು. ವರ್ಷಗಟ್ಟಲೆ ಬರುತ್ತಲೇ ಇದ್ದು ಸದಸ್ಯರಾಗದವರೂ ಇದ್ದಾರೆ, ಅವರನ್ನು ಅಟೆಂಡರ್ ಎನ್ನುತ್ತಾರೆ. (ನಮ್ಮ ಕಚೇರಿಗಳ ಅಟೆಂಡರಿಗೂ ಇವರಿಗೂ ಸಂಬಂಧವಿಲ್ಲ. ಬಂದು ಹೋಗುವವರು ಎಂದಷ್ಟೇ ಅರ್ಥ.) ಹೀಗೆ ಎರಡು ಮೂರು ವರ್ಷ ಬಂದ ಶಾಲಾ ಶಿಕ್ಷಕಿಯೊಬ್ಬರಿಗೆ ಸದಸ್ಯರಾಗಬೇಕು ಅನ್ನಿಸಿತು ಎಂದಿಟ್ಟುಕೊಳ್ಳಿ. ಆಕೆ ಏರಿಯಾ ಮೀಟಿಂಗ್‌ನ ಕ್ಲರ್ಕಿಗೆ ಒಂದು ಕಾಗದ ಬರೆಯುತ್ತಾರೆ. ಅಕ್ಕಪಕ್ಕದ ಹಲವು ಊರುಗಳ ಸಭೆಗಳು ಸೇರಿದ್ದು ಏರಿಯಾ ಮೀಟಿಂಗ್. ಸದಸ್ಯತ್ವದ ಪುಸ್ತಕ ಇರುವುದು ಅಲ್ಲಿ, ಊರಿನ ಸಭೆಯಲ್ಲಲ್ಲ.

ಕಾಗದ ತಲುಪಿದ ಮೇಲೆ ಸಾಮಾನ್ಯವಾಗಿ ಇಬ್ಬರು ಹಳೆಯ ಸದಸ್ಯರನ್ನು ಆಕೆಯನ್ನು ಕಂಡು ಬರಲು ನೇಮಿಸುತ್ತಾರೆ. ಒಬ್ಬರು ಆಕೆಗೆ ಪರಿಚಯವಿದ್ದವರು, ಇನ್ನೊಬ್ಬರು ಬೇರೆ ಊರಿನ ಸಭೆಯವರು ಆಗಿರುವುದುಂಟು. ಮನೆಯಲ್ಲಿ ಕೂತು ಒಂದೆರಡು ಗಂಟೆ ಮಾತು ನಡೆಯುತ್ತದೆ. ಇದು ಪರೀಕ್ಷೆಯಲ್ಲ. ಒಪ್ಪಿಕೊಳ್ಳಲೇಬೇಕಾದ ನಂಬಿಕೆಗಳ ಪಟ್ಟಿ ಅವರಲ್ಲಿ ಇಲ್ಲದಿರುವುದರಿಂದ ಪರೀಕ್ಷೆ ಮಾಡಲು ಏನೂ ಇಲ್ಲ. ಇಲ್ಲಿಗೆ ಹೇಗೆ ಬಂದಿರಿ, ಮೌನದ ಸಭೆ ನಿಮಗೆ ಏನು ಕೊಟ್ಟಿದೆ, ಯುದ್ಧವಿರೋಧದಂಥ ನಿಲುವುಗಳ ಬಗ್ಗೆ ನಿಮ್ಮ ಮನಸ್ಸಿನಲ್ಲಿ ಏನಿದೆ, ಸಭೆಗೆ ನೀವು ಏನು ಕೊಡಬಲ್ಲಿರಿ ಎಂಬ ದಿಕ್ಕಿನಲ್ಲಿ ಮಾತು ಸಾಗುತ್ತದೆ. ಆಮೇಲೆ ಇಬ್ಬರೂ ಒಂದು ವರದಿ ಬರೆದು ಆಕೆಗೇ ಮೊದಲು ತೋರಿಸುತ್ತಾರೆ. ನಂತರ ಅದನ್ನು ಏರಿಯಾ ಮೀಟಿಂಗ್‌ನಲ್ಲಿ ಓದುತ್ತಾರೆ. ಸಭೆ ಒಪ್ಪಿದರೆ ನಡಾವಳಿಯಲ್ಲಿ ಅದು ದಾಖಲಾಗುತ್ತದೆ. ಆಕೆಯನ್ನು ಬರಮಾಡಿಕೊಳ್ಳಲು ಒಬ್ಬಿಬ್ಬರನ್ನು ನೇಮಿಸುವುದೂ ಅದೇ ನಡಾವಳಿಯಲ್ಲಿ ಬರುತ್ತದೆ. ಏರಿಯಾ ಮೀಟಿಂಗ್ ವಾರಕ್ಕೊಮ್ಮೆ ಸೇರುವಂಥದ್ದಲ್ಲವಾದ್ದರಿಂದ ಇಷ್ಟಕ್ಕೆಲ್ಲ ಕೆಲವು ತಿಂಗಳು ಹಿಡಿಯುತ್ತದೆ. ದೀಕ್ಷೆ ಇಲ್ಲ, ನೀರು ಚಿಮುಕಿಸುವುದಿಲ್ಲ, ಹೆಸರು ಬದಲಾಗುವುದಿಲ್ಲ.

ಇನ್ನು ಪತ್ರ. ಊರಿಂದೂರಿಗೆ ಒಕ್ಕಣೆ ಬೇರೆ, ಸಾರ ಮಾತ್ರ ಬಹುಮಟ್ಟಿಗೆ ಒಂದೇ. ಕನ್ನಡದಲ್ಲಿ ಬರೆದರೆ ಅದರ ಮೊದಲ ಭಾಗ ಹೆಚ್ಚುಕಡಿಮೆ ಹೀಗಿರುತ್ತದೆ.

‘ಪ್ರಿಯ ಸ್ನೇಹಿತರೆ, ಕಳೆದ ಏರಿಯಾ ಮೀಟಿಂಗ್ ನಿಮ್ಮನ್ನು ಸಂತೋಷದಿಂದ ಸದಸ್ಯರನ್ನಾಗಿ ಸ್ವೀಕರಿಸಿದೆ. ಇದರ ಜೊತೆ ನಮ್ಮ ನಡೆನುಡಿಯ ಪುಸ್ತಕದ ಒಂದು ಪ್ರತಿ ಇದೆ. ಒಮ್ಮೆಗೇ ಓದಿ ಮುಗಿಸಬೇಕಾಗಿಲ್ಲ. ಭಾನುವಾರದ ಆರಾಧನೆಗೆ ನೀವು ಈಗಾಗಲೇ ಬರುತ್ತಿದ್ದೀರಿ, ಇನ್ನು ಮುಂದೆ ತಿಂಗಳಿಗೊಮ್ಮೆ ನಡೆಯುವ ವ್ಯವಹಾರ ಸಭೆಗೂ ಬನ್ನಿ. ಆರಾಧನೆಯ ಬಗ್ಗೆ ಏನಾದರೂ ಕೇಳುವುದಿದ್ದರೆ ಎಲ್ಡರುಗಳನ್ನು ಕೇಳಿ. ಕಾಯಿಲೆ ಕಸಾಲೆ, ಮನೆಯ ಕಷ್ಟ ಇದ್ದರೆ ಓವರ್‌ಸಿಯರುಗಳಿಗೆ ತಿಳಿಸಿ. ಯಾವ ಕೆಲಸ ನಿಮಗೆ ಒಗ್ಗುತ್ತದೆ ಎಂದು ನಾಮಕರಣ ಸಮಿತಿಯವರು ಸದ್ಯದಲ್ಲೇ ನಿಮ್ಮೊಡನೆ ಮಾತಾಡುತ್ತಾರೆ.’

ನಡೆನುಡಿಯ ಪುಸ್ತಕ ಎಂದಿದ್ದು ‘ಕ್ವೇಕರ್ ಫೇಯ್ತ್ ಅಂಡ್ ಪ್ರಾಕ್ಟೀಸ್’ ಎಂಬ ದಪ್ಪ ಸಂಪುಟ. ಬ್ರಿಟನ್ನಿನ ಸದಸ್ಯರೆಲ್ಲರ ವಾರ್ಷಿಕ ಸಭೆ ಅದನ್ನು 1994ರಲ್ಲಿ ಅಂಗೀಕರಿಸಿತು. ಮೊದಲ ಅಧ್ಯಾಯವನ್ನು ಪುಟ್ಟ ಪುಸ್ತಿಕೆಯಾಗಿ ಬೇರೆಯಾಗಿಯೂ ಕೊಡುತ್ತಾರೆ. 42 ಚಿಕ್ಕ ಚಿಕ್ಕ ಸಲಹೆ, ಪ್ರಶ್ನೆಗಳು ಅದರಲ್ಲಿವೆ. ಉಳಿದ ಭಾಗದಲ್ಲಿ ಮುನ್ನೂರೈವತ್ತು ವರ್ಷಗಳ ಸ್ನೇಹಿತರ ಅನುಭವದ ಮಾತುಗಳೂ, ಕ್ಲರ್ಕಿನ ಕರ್ತವ್ಯ, ಮದುವೆಯ ನಿಯಮ, ಆಸ್ತಿಯ ಉಸ್ತುವಾರಿಯಂಥ ಒಣ ವಿಷಯಗಳೂ ಒಂದೇ ರಟ್ಟಿನೊಳಗೆ ಕೂತಿವೆ. ಇವೆರಡನ್ನೂ ಬೇರೆ ಮಾಡದಿರುವುದು ಬೇಕೆಂದೇ ಎಂದು ನನ್ನ ಅನಿಸಿಕೆ.

ಪತ್ರದಲ್ಲಿ ಹೊಸಬರಿಗೆ ಗೊಂದಲವಾಗುವುದು ಹುದ್ದೆಗಳ ವಿಷಯದಲ್ಲಿ. ಕ್ಲರ್ಕ್ ಎಂದರೆ ಗುಮಾಸ್ತರಲ್ಲ, ಅಧ್ಯಕ್ಷರೂ ಅಲ್ಲ. ಸಭೆ ನಡೆಸುವುದು, ಕಾಗದಪತ್ರ ನೋಡುವುದು, ನಡಾವಳಿ ಬರೆಯುವುದು ಎಲ್ಲ ಅವರದೇ. ಅಧಿಕಾರ ಮಾತ್ರ ಇಲ್ಲ. ಸಭೆಗೆ ತಮ್ಮ ಅಭಿಪ್ರಾಯ ಹೇಳಬೇಕೆನಿಸಿದರೆ ಆ ವಿಷಯ ಮುಗಿಯುವವರೆಗೆ ಆ ಜಾಗ ಬೇರೆಯವರಿಗೆ ಬಿಟ್ಟುಕೊಡಬೇಕು. ಎಲ್ಡರುಗಳು ಆರಾಧನೆಯ ಗುಣಮಟ್ಟ ಕಾಯುವವರು. ಓವರ್‌ಸಿಯರುಗಳು ಸದಸ್ಯರ ಸುಖದುಃಖ ವಿಚಾರಿಸುವವರು. ಗುಲಾಮಗಿರಿಯ ಕಾಲದ ನೆನಪು ತರುತ್ತದೆ ಎಂದು ಈಚೆಗೆ ಹಲವು ಕಡೆ ಆ ಹೆಸರು ಬಿಟ್ಟಿದ್ದಾರೆ. ಖಜಾಂಚಿ, ಕಟ್ಟಡ ನೋಡಿಕೊಳ್ಳುವವರು, ಮಕ್ಕಳ ಸುರಕ್ಷತೆಗೆ ಹೊಣೆಯಾದವರು ಬೇರೆ ಇರುತ್ತಾರೆ. ಯಾವ ಹುದ್ದೆಯೂ ಜೀವಮಾನದ್ದಲ್ಲ. ಸಾಮಾನ್ಯವಾಗಿ ಮೂರು ವರ್ಷಕ್ಕೆ ನೇಮಕ, ಇನ್ನೊಂದು ಸುತ್ತು ಮುಂದುವರಿಯಬಹುದು, ಆಮೇಲೆ ಇಳಿಯಬೇಕು. ನಿನ್ನೆಯ ಕ್ಲರ್ಕ್ ಇವತ್ತು ಚಹದ ಲೋಟ ತೊಳೆಯುತ್ತಿರುತ್ತಾರೆ.

ಸದಸ್ಯರಿಗೂ ಅಟೆಂಡರಿಗೂ ಇರುವ ವ್ಯತ್ಯಾಸವೂ ಇಲ್ಲೇ. ಆರಾಧನೆಯಲ್ಲಿ ಇಬ್ಬರಿಗೂ ಒಂದೇ ಬೆಂಚು, ಮಾತಾಡುವ ಅವಕಾಶವೂ ಒಂದೇ. ಕ್ಲರ್ಕ್, ಎಲ್ಡರ್, ಖಜಾಂಚಿ, ಟ್ರಸ್ಟಿಯಂಥ ಹೊಣೆಗಳನ್ನು ಮಾತ್ರ ಸಾಮಾನ್ಯವಾಗಿ ಸದಸ್ಯರಿಗೇ ಒಪ್ಪಿಸುತ್ತಾರೆ. ಏರಿಯಾ ಮೀಟಿಂಗ್‌ಗೆ ಬರಲು ಸದಸ್ಯರಿಗೆ ಹಕ್ಕಿದೆ, ಅಟೆಂಡರು ಕ್ಲರ್ಕಿನ ಅನುಮತಿ ಕೇಳಬೇಕು. ಸದಸ್ಯತ್ವದಿಂದ ಹೆಚ್ಚಿಗೆ ಸಿಗುವುದು ಇಷ್ಟೇ, ಕೆಲಸ.

ಎಲ್ಡರಿನ ಕೆಲಸ ಅರ್ಥವಾಗಬೇಕಾದರೆ ಭಾನುವಾರದ ಸಭೆಯನ್ನು ಹತ್ತಿರದಿಂದ ನೋಡಬೇಕು. ಕುರ್ಚಿಗಳು ವೃತ್ತದಲ್ಲೋ ಚೌಕದಲ್ಲೋ ಇರುತ್ತವೆ. ನಡುವೆ ಒಂದು ಮೇಜು, ಅದರ ಮೇಲೆ ಹೂವು, ಬೈಬಲ್, ಆ ದಪ್ಪ ಪುಸ್ತಕ. ವೇದಿಕೆ ಇಲ್ಲ, ಶಿಲುಬೆ ಇಲ್ಲ. ಮೊದಲು ಬಂದವರು ಕೂತ ಗಳಿಗೆಗೇ ಸಭೆ ಶುರು. ಒಂದು ಗಂಟೆ ಮೌನ. ನಡುವೆ ಯಾರಿಗಾದರೂ ಹೇಳಲೇಬೇಕು ಎಂಬ ಒತ್ತಡ ಒಳಗಿನಿಂದ ಬಂದರೆ ಎದ್ದು ನಿಂತು ನಾಲ್ಕು ಮಾತು ಹೇಳಿ ಕೂರುತ್ತಾರೆ. ಯಾರೂ ಏಳದೆ ಗಂಟೆಯಿಡೀ ಕಳೆದರೂ ಆ ಸಭೆ ಪೂರ್ಣವೇ. ಕೊನೆಗೆ ಇಬ್ಬರು ಎಲ್ಡರುಗಳು ಕೈ ಕುಲುಕಿದರೆ ಸಭೆ ಮುಗಿಯಿತು. ಎಲ್ಲರೂ ಪಕ್ಕದವರ ಕೈ ಕುಲುಕುತ್ತಾರೆ. ಆಮೇಲೆ ಪ್ರಕಟಣೆ, ಚಹ.

ಹೇಳಲಿಕ್ಕೆ ಸುಲಭ, ಹದ ತಪ್ಪುವುದೂ ಅಷ್ಟೇ ಸುಲಭ. ಒಬ್ಬರು ಎದ್ದು ಬೆಳಗಿನ ಪತ್ರಿಕೆಯ ಸುದ್ದಿ ಹೇಳುತ್ತಾರೆ, ಅವರು ಕೂತ ಅರ್ಧ ನಿಮಿಷಕ್ಕೆ ಮತ್ತೊಬ್ಬರು ಎದ್ದು ಅದಕ್ಕೆ ಉತ್ತರ ಕೊಡುತ್ತಾರೆ, ಮೂರನೆಯವರು ಅದನ್ನು ತಿದ್ದುತ್ತಾರೆ. ಗಂಟೆ ಮುಗಿಯುವ ಹೊತ್ತಿಗೆ ಆರಾಧನೆ ಹೋಗಿ ಚರ್ಚಾಕೂಟವಾಗಿರುತ್ತದೆ. ಆದ್ದರಿಂದ ಹೊಸಬರಿಗೆ ಕೆಲವು ಮಾತು ಕಿವಿಗೆ ಹಾಕಿರುತ್ತಾರೆ. ಮನೆಯಲ್ಲೇ ಭಾಷಣ ಸಿದ್ಧಮಾಡಿಕೊಂಡು ಬರಬೇಡಿ, ಮಾತೇ ಆಡುವುದಿಲ್ಲ ಎಂದು ಹಟ ತೊಟ್ಟೂ ಬರಬೇಡಿ. ಒಬ್ಬರ ಮಾತಿನ ನಂತರ ಸಾಕಷ್ಟು ಮೌನ ಬಿಡಿ, ಕೇಳಿದ್ದು ಒಳಗೆ ಇಳಿಯಲಿ. ಮತ್ತೊಬ್ಬರ ಮಾತಿಗೆ ಪ್ರತಿವಾದ ಬೇಡ. ಒಂದೇ ಸಭೆಯಲ್ಲಿ ಎರಡು ಸಲ ಏಳಬೇಡಿ. ಯಾರಾದರೂ ಪ್ರತಿ ವಾರ ಹತ್ತು ಹತ್ತು ನಿಮಿಷ ಮಾತಾಡತೊಡಗಿದರೆ ಎಲ್ಡರೊಬ್ಬರು ಆಮೇಲೆ ಅವರನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ವಿಷಯ ಎತ್ತಬೇಕು. ಇದು ಯಾರಿಗೂ ಇಷ್ಟದ ಕೆಲಸವಲ್ಲ. ಎಲ್ಡರು ಇದನ್ನು ಮುಂದೂಡಿದರೆ ಜನ ಒಬ್ಬೊಬ್ಬರಾಗಿ ಬರುವುದನ್ನೇ ನಿಲ್ಲಿಸುತ್ತಾರೆ.

ಪತ್ರ ಕರೆಯುವ ವ್ಯವಹಾರ ಸಭೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಅಲ್ಲಿ ಮತದಾನವಿಲ್ಲ. ಕೈ ಎತ್ತುವುದಿಲ್ಲ, ಬಹುಮತ ಎಣಿಸುವುದಿಲ್ಲ. ಹಾಗಾದರೆ ತೀರ್ಮಾನ ಹೇಗೆ? ಒಂದು ಸಣ್ಣ ಉದಾಹರಣೆ ಕಲ್ಪಿಸಿಕೊಳ್ಳೋಣ. ಸಭೆಗೆ ಸೇರಿದ ಹಾಲ್ ಇದೆ, ವಾರದ ದಿನಗಳಲ್ಲಿ ಬಾಡಿಗೆಗೆ ಕೊಡುತ್ತಾರೆ. ಹಿರಿಯ ನಾಗರಿಕರ ಕ್ಲಬ್ಬೊಂದು ತಿಂಗಳಿಗೊಮ್ಮೆ ಹಾಲ್ ಕೇಳಿದೆ. ಅವರು ಕಾರ್ಯಕ್ರಮದ ಕೊನೆಗೆ ಲಾಟರಿ ಚೀಟಿ ಎತ್ತಿ ಬಹುಮಾನ ಹಂಚುತ್ತಾರೆ. ಕ್ವೇಕರರು ಮೊದಲಿನಿಂದಲೂ ಜೂಜಿನ ವಿರೋಧಿಗಳು, ಸಹಾಯಾರ್ಥ ಲಾಟರಿಯೂ ಅವರಿಗೆ ಒಗ್ಗದು.

ಸಭೆ ಮೌನದಿಂದ ಶುರುವಾಗುತ್ತದೆ. ಕ್ಲರ್ಕ್ ವಿಷಯ ಮುಂದಿಡುತ್ತಾರೆ. ಮಾತಾಡಬೇಕಾದವರು ಎದ್ದು ನಿಲ್ಲುತ್ತಾರೆ, ಕ್ಲರ್ಕ್ ಕರೆದ ಮೇಲೆ ಮಾತಾಡುತ್ತಾರೆ. ಬಾಡಿಗೆ ಬರುತ್ತದೆ, ಚಾವಣಿ ರಿಪೇರಿಗೆ ಬೇಕು ಎಂದು ಒಬ್ಬರು. ಹತ್ತು ಪೆನ್ನಿಯ ಚೀಟಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೆ ಎಂದು ಇನ್ನೊಬ್ಬರು. ಚೀಟಿಯ ಬೆಲೆ ಮುಖ್ಯವಲ್ಲ ಎಂದು ಮೂರನೆಯವರು. ಪ್ರತಿ ಮಾತಿನ ನಂತರ ಸ್ವಲ್ಪ ಮೌನ. ಹೇಳಿದ್ದನ್ನೇ ಮತ್ತೆ ಹೇಳುವ ಹಾಗಿಲ್ಲ. ಆಗ ಹೊಸದಾಗಿ ಸೇರಿದ ಶಿಕ್ಷಕಿ ಎದ್ದು, ಚೀಟಿ ಎತ್ತದೆ ಕಾರ್ಯಕ್ರಮ ಮಾಡಲು ಸಾಧ್ಯವೇ ಎಂದು ಕ್ಲಬ್ಬಿನವರನ್ನು ಯಾರಾದರೂ ಕೇಳಿದ್ದೀರಾ ಎನ್ನುತ್ತಾರೆ. ಯಾರೂ ಕೇಳಿಲ್ಲ. ಕ್ಲರ್ಕ್ ಅಲ್ಲೇ ಕೂತು ನಡಾವಳಿ ಬರೆಯುತ್ತಾರೆ, ಬರೆಯುವಷ್ಟು ಹೊತ್ತು ಉಳಿದವರು ಮೌನವಾಗಿರುತ್ತಾರೆ. ಬರೆದದ್ದು ಇಷ್ಟು: ‘ಹಾಲ್ ಬಾಡಿಗೆಯ ಕೋರಿಕೆಯನ್ನು ಪರಿಶೀಲಿಸಿದೆವು. ಕ್ಲಬ್ಬಿಗೆ ಜಾಗ ಕೊಡಲು ನಮಗೆ ಇಷ್ಟವಿದೆ. ಲಾಟರಿಯ ಬಗ್ಗೆ ನಮ್ಮಲ್ಲಿ ಕೆಲವರಿಗೆ ಸಮಾಧಾನವಿಲ್ಲ. ನಮ್ಮ ನಿಲುವನ್ನು ತಿಳಿಸಿ ಅವರೊಡನೆ ಮಾತಾಡಿ ಮುಂದಿನ ಸಭೆಗೆ ವರದಿ ತರಲು ಇಬ್ಬರು ಸ್ನೇಹಿತರನ್ನು ಕೇಳಿಕೊಂಡಿದ್ದೇವೆ.’ ಇದು ಸರಿಯೇ ಎಂದು ಕ್ಲರ್ಕ್ ಕೇಳಿದಾಗ ‘ಹೋಪ್ ಸೋ’ ಎಂಬ ಗೊಣಗು ಸುತ್ತಲಿಂದ ಬರುತ್ತದೆ. ಒಪ್ಪಿಗೆ ಎಂದರ್ಥ. ಒಂದು ಪದ ತಪ್ಪೆಂದು ಯಾರಿಗಾದರೂ ಕಂಡರೆ ಅಲ್ಲೇ ತಿದ್ದಬೇಕು. ಮನೆಗೆ ಹೋದ ಮೇಲೆ ನಡಾವಳಿ ಬದಲಾಗುವಂತಿಲ್ಲ. ತಿಂಗಳು ಕಳೆದು ಪ್ರತಿ ಕೈಗೆ ಬಂದಾಗ ನಾನು ಹಾಗೆ ಹೇಳಿಯೇ ಇರಲಿಲ್ಲ ಎಂದು ಜಗಳವಾಡುವ ನಮ್ಮ ಸಂಘಗಳ ಕಾರ್ಯದರ್ಶಿಗಳು ಇದನ್ನೊಂದು ಗಮನಿಸಬಹುದು.

ಈ ಕ್ರಮಕ್ಕೆ ಮಿತಿಯೂ ಇದೆ. ಒಮ್ಮತ ಬರುವವರೆಗೆ ಕಾಯುವುದೆಂದರೆ ಕೆಲವೊಮ್ಮೆ ಅನ್ಯಾಯವೂ ಕಾಯಿಸುತ್ತಲೇ ಇರುತ್ತದೆ. ಅಮೆರಿಕದ ಪೆನ್ಸಿಲ್ವೇನಿಯಾದ ಜರ್ಮನ್‌ಟೌನ್‌ನಲ್ಲಿ 1688ರಲ್ಲಿ ನಾಲ್ವರು ಗುಲಾಮಗಿರಿ ತಪ್ಪು ಎಂದು ಸಹಿ ಹಾಕಿ ತಮ್ಮ ಸಭೆಗೆ ಕಾಗದ ಕೊಟ್ಟರು. ವಿಷಯ ತೀರ ಭಾರದ್ದು ಎಂದು ಆ ಸಭೆ ಮೇಲಿನ ಸಭೆಗೆ ಕಳಿಸಿತು, ಅದು ಇನ್ನೂ ಮೇಲಕ್ಕೆ ಕಳಿಸಿತು, ವಾರ್ಷಿಕ ಸಭೆ ಬದಿಗಿಟ್ಟಿತು. ಆಗ ಗುಲಾಮರನ್ನು ಇಟ್ಟುಕೊಂಡಿದ್ದ ಕ್ವೇಕರರೇ ಬಹಳ ಮಂದಿ. ಮುಂದಿನ ಶತಮಾನದಲ್ಲಿ ಜಾನ್ ವುಲ್ಮನ್ ಎಂಬ ದರ್ಜಿ ಅಂಥವರ ಮನೆಮನೆಗೆ ಹೋಗಿ ಕೂತು ಮಾತಾಡಿದ. ಗುಲಾಮರನ್ನು ಬಿಡುಗಡೆ ಮಾಡದವರಿಗೆ ಸಂಘದಲ್ಲಿ ಜಾಗವಿಲ್ಲ ಎಂದು ಫಿಲಡೆಲ್ಫಿಯಾದ ವಾರ್ಷಿಕ ಸಭೆ ತೀರ್ಮಾನಿಸಿದ್ದು 1776ರಲ್ಲಿ. 88 ವರ್ಷ. ಒಮ್ಮೆ ತೀರ್ಮಾನವಾದ ಮೇಲೆ ಅಲ್ಲಿನ ಕ್ವೇಕರರು ಹಿಂದೆ ಸರಿಯಲಿಲ್ಲ, ದೇಶದ ಉಳಿದವರಿಗಿಂತ ಬಹಳ ಮುಂದೆಯೇ ಇದ್ದರು ಎಂಬುದು ನಿಜ. ಆ 88 ವರ್ಷ ಗುಲಾಮರಾಗಿ ದುಡಿದವರಿಗೆ ಅದರಿಂದ ಏನೂ ಸಿಗಲಿಲ್ಲ ಎಂಬುದೂ ಅಷ್ಟೇ ನಿಜ.

ದುಡ್ಡಿನ ವಿಷಯ ಪತ್ರದಲ್ಲಿ ಕೊನೆಗೆ, ಸಂಕೋಚದಿಂದ ಬರುತ್ತದೆ. ಸದಸ್ಯತ್ವ ಶುಲ್ಕ ಎಂಬುದಿಲ್ಲ. ಆರಾಧನೆಯ ನಡುವೆ ತಟ್ಟೆ ತಿರುಗಿಸುವುದಿಲ್ಲ. ವರ್ಷಕ್ಕೊಮ್ಮೆ ಖಜಾಂಚಿ ಎಲ್ಲರಿಗೂ ಒಂದು ಹಾಳೆ ಕಳಿಸುತ್ತಾರೆ. ಊರಿನ ಸಭೆಗೆ ಇಷ್ಟು, ಇಡೀ ದೇಶದ ಕೆಲಸಕ್ಕೆ ಇಷ್ಟು ಎಂದು ನೀವೇ ತುಂಬಿ ಕೊಡಬೇಕು. ಯಾರು ಎಷ್ಟು ಕೊಟ್ಟರು ಎಂಬುದನ್ನು ಖಜಾಂಚಿ ಗುಟ್ಟಾಗಿಡುತ್ತಾರೆ. ದಾನಿಗಳ ಹೆಸರಿನ ಕಲ್ಲು ಗೋಡೆಗೆ ಏರುವುದಿಲ್ಲ.

ಹೊಸಬರು ಹೆಚ್ಚಾಗಿ ಎಡವುವುದು ನಾಮಕರಣ ಸಮಿತಿಯ ಕರೆ ಬಂದಾಗ. ಹುದ್ದೆಗಳಿಗೆ ಯಾರೂ ಅರ್ಜಿ ಹಾಕುವುದಿಲ್ಲ, ಚುನಾವಣೆಗೆ ನಿಲ್ಲುವುದಿಲ್ಲ. ಸಮಿತಿಯವರು ಯಾರು ಯಾವುದಕ್ಕೆ ಸರಿ ಎಂದು ಯೋಚಿಸಿ, ಅವರನ್ನು ಕೇಳಿ, ಸಭೆಯ ಮುಂದೆ ಹೆಸರಿಡುತ್ತಾರೆ, ಸಭೆ ನೇಮಿಸುತ್ತದೆ. ಇಪ್ಪತ್ತೈದು ಜನರ ಸಣ್ಣ ಸಭೆಗೂ ಕ್ಲರ್ಕ್, ಎಲ್ಡರು, ಖಜಾಂಚಿ, ಮಕ್ಕಳ ತರಗತಿ, ಪುಸ್ತಕದ ಕಪಾಟು, ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಪಾಳಿ ಎಲ್ಲವೂ ಬೇಕು. ಇರುವವರಲ್ಲಿ ಬಹುಪಾಲು ಅರವತ್ತು ದಾಟಿದವರಾದರೆ ಹೊಸದಾಗಿ ಸೇರಿದವರ ಮೇಲೆ ಎಲ್ಲರ ಕಣ್ಣು. ಸೇರಿದ ಮೂರು ತಿಂಗಳಲ್ಲಿ ಮೂರು ಸಮಿತಿಗೆ ಹೆಸರು ಕೊಟ್ಟು, ವರ್ಷ ಮುಗಿಯುವುದರೊಳಗೆ ಭಾನುವಾರ ಬಂದರೆ ತಲೆನೋವು ಅನ್ನುವ ಸ್ಥಿತಿಗೆ ಬರುವುದು ಅಲ್ಲಿ ಹೊಸದಲ್ಲ. ಒಲ್ಲೆ ಎನ್ನುವುದಕ್ಕೂ ಅವಕಾಶವಿದೆ, ಒಂದು ವಾರ ಯೋಚಿಸಿ ಹೇಳುತ್ತೇನೆ ಎನ್ನಬಹುದು ಎಂದು ಪತ್ರದಲ್ಲೇ ಬರೆಯುವ ಸಭೆ ಬುದ್ಧಿವಂತ ಸಭೆ. ಮೊದಲ ವರ್ಷ ಬಾಗಿಲ ಪಾಳಿ ಒಂದು ಸಾಕು. ಬಾಗಿಲಲ್ಲಿ ನಿಂತವರಿಗೆ ಎಲ್ಲರ ಹೆಸರೂ ಬೇಗ ತಿಳಿಯುತ್ತದೆ.

ನಮ್ಮ ದೇಶಕ್ಕೆ ಇವರು ಅಪರಿಚಿತರಲ್ಲ. 1931ರಲ್ಲಿ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧೀಜಿ ಬರ್ಮಿಂಗ್‌ಹ್ಯಾಮ್‌ನ ವುಡ್‌ಬ್ರೂಕ್ ಎಂಬ ಕ್ವೇಕರ್ ಅಧ್ಯಯನ ಕೇಂದ್ರದಲ್ಲಿ ತಂಗಿದ್ದರು. ಅವರ ಆಪ್ತರಾಗಿದ್ದ ಹೊರೇಸ್ ಅಲೆಕ್ಸಾಂಡರ್, ನೀಲಗಿರಿಯ ಕೋಟಗಿರಿಯಲ್ಲಿ ಬಹುಕಾಲ ಬದುಕಿದ ಮಾರ್ಜರಿ ಸೈಕ್ಸ್ ಇಬ್ಬರೂ ಕ್ವೇಕರರು. ಮಧ್ಯಪ್ರದೇಶದ ಹೋಶಂಗಾಬಾದ್ ಬಳಿಯ ರಸೂಲಿಯಾದಲ್ಲಿ ಅವರ ಗ್ರಾಮೀಣ ಕೇಂದ್ರವಿತ್ತು. ಮಕ್ಕಳು ಕೈಯಾರೆ ಪ್ರಯೋಗ ಮಾಡಿ ವಿಜ್ಞಾನ ಕಲಿಯುವ ಹೋಶಂಗಾಬಾದ್ ಕಾರ್ಯಕ್ರಮ 1972ರಲ್ಲಿ ಶುರುವಾದಾಗ ಆ ಕೇಂದ್ರದ ಪಾಲೂ ಅದರಲ್ಲಿತ್ತು.

ಮಗನನ್ನೋ ಮಗಳನ್ನೋ ನೋಡಲು ಇಂಗ್ಲೆಂಡಿಗೆ ಹೋಗುವ ಓದುಗರಿಗೆ ಒಂದು ಮಾತು. ಭಾನುವಾರದ ಮೌನಸಭೆ ಹೆಚ್ಚಿನ ಊರುಗಳಲ್ಲಿ ಬೆಳಿಗ್ಗೆ ಹತ್ತೂವರೆಯ ಆಸುಪಾಸಿಗೆ ಶುರುವಾಗುತ್ತದೆ. ಮುಂಚೆ ತಿಳಿಸಬೇಕಾಗಿಲ್ಲ, ಯಾವ ಧರ್ಮದವರೂ ಹೋಗಬಹುದು, ಉಡುಪಿನ ಕಟ್ಟುಪಾಡಿಲ್ಲ. ಹತ್ತು ನಿಮಿಷ ಮೊದಲು ಹೋಗಿ, ಬಾಗಿಲಲ್ಲಿ ನಿಂತವರು ಒಂದು ಸಣ್ಣ ಕರಪತ್ರ ಕೊಟ್ಟು ಒಳಗೆ ಕಳಿಸುತ್ತಾರೆ. ತಡವಾದರೆ ಹೊರಗೇ ಸ್ವಲ್ಪ ಕಾದು ಅವರು ಹೇಳಿದಾಗ ಒಳಗೆ ಹೋಗಿ. ಫೋನ್ ಮಾತ್ರ ಆರಿಸಿಡಿ.